ನಕ್ಷೆಗಿಂತ ಮೊದಲು ಓದಬೇಕಾದ ಕಾಗದ: ಓವರ್‌ಹೆಡ್ ಟ್ಯಾಂಕಿನ ಡಿಬಿಆರ್ ಅಂದರೇನು?

ಮನೆ ಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರೂ ಇದೆ. ಅಂದಿನಿಂದ ಎಷ್ಟೋ ಊರುಗಳಲ್ಲಿ ಶಾಲೆಯ ಪಕ್ಕದಲ್ಲೋ ಗುಡಿಯ ಹಿಂದಿನ ದಿಬ್ಬದ ಮೇಲೋ ಹೊಸ ಟ್ಯಾಂಕ್ ಎದ್ದಿದೆ. ಕೆಲಸ ಶುರುವಾಗುವ ಮುಂಚೆ ಪಂಚಾಯಿತಿಗೆ ಒಂದು ಫೈಲು ಬರುತ್ತದೆ. ಅದನ್ನು ಬಿಚ್ಚಿದವರು ನೇರವಾಗಿ ನಕ್ಷೆಗೆ ಹೋಗುತ್ತಾರೆ, ಎತ್ತರ ಎಷ್ಟು, ಕಂಬ ಎಷ್ಟು, ಕಬ್ಬಿಣ ಎಷ್ಟು ಅಂತ ನೋಡುತ್ತಾರೆ. ನಕ್ಷೆಯ ಕೆಳಗೆ ಪಿನ್ ಹಾಕಿದ ಹತ್ತು ಹನ್ನೆರಡು ಪುಟಗಳ ಇನ್ನೊಂದು ಕಾಗದ ಹಾಗೇ ಉಳಿಯುತ್ತದೆ. ಅದರ ಹೆಸರು ಡಿಸೈನ್ ಬೇಸಿಸ್ ರಿಪೋರ್ಟ್. ಕನ್ನಡದಲ್ಲಿ ವಿನ್ಯಾಸದ ಆಧಾರ ವರದಿ ಎನ್ನಬಹುದು, ಸೈಟಿನಲ್ಲಿ ಎಲ್ಲರ ಬಾಯಲ್ಲೂ ಅದು ಡಿಬಿಆರ್.

ನಕ್ಷೆ 'ಹೀಗೆ ಕಟ್ಟಿ' ಎನ್ನುತ್ತದೆ. 'ಹೀಗೇ ಏಕೆ' ಎಂಬುದು ಡಿಬಿಆರ್‌ನಲ್ಲಿ ಇರುತ್ತದೆ. ಮನೆಗೆ ಬರುವ ಅಡುಗೆಯವರಿಗೆ ಸಾರು ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಎಷ್ಟು ಜನಕ್ಕೆ, ಯಾವ ಅಕ್ಕಿ, ಒಲೆ ಸೌದೆಯದೋ ಗ್ಯಾಸಿನದೋ ಎಂದು ಹೇಳದಿದ್ದರೆ ಅವರು ಯಾವ ಅಳತೆಗೆ ಕೈ ಹಾಕಬೇಕು? ಟ್ಯಾಂಕಿನ ವಿಷಯದಲ್ಲಿ ಆ 'ಎಷ್ಟು ಜನಕ್ಕೆ' ಎಂಬ ಪುಟವೇ ಡಿಬಿಆರ್. ಅದರಲ್ಲಿ ನಾಲ್ಕು ಸಂಗತಿ ಇರಬೇಕು: ಟ್ಯಾಂಕಿನ ಮೇಲೆ ಬರುವ ಭಾರಗಳು, ಬಳಸುವ ಸಾಮಗ್ರಿ, ಯಾವ ಸಂಹಿತೆ ಅಂದರೆ ಭಾರತೀಯ ಮಾನಕ ಬ್ಯೂರೋದ ಯಾವ ಐಎಸ್ ಕೋಡಿನ ಪ್ರಕಾರ ಲೆಕ್ಕ ಎಂಬುದು, ಮತ್ತು ಗೊತ್ತಿಲ್ಲದ ಕಡೆ ಇಂಜಿನಿಯರ್ ಏನೆಂದು ಹಿಡಿದುಕೊಂಡಿದ್ದಾರೆ ಎಂಬ ಊಹೆಗಳು.

ಈ ನಾಲ್ಕನ್ನೂ ಒಂದು ಚಿಕ್ಕ ಟ್ಯಾಂಕಿನ ಮೇಲೆ ಲೆಕ್ಕ ಹಾಕಿಯೇ ನೋಡೋಣ.

ನಮ್ಮ ಟ್ಯಾಂಕು

ಊರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಕಡೆಯದು ಎಂದುಕೊಳ್ಳಿ. ಜನಸಂಖ್ಯೆ 1,500. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್, ಒಟ್ಟು 82,500 ಲೀಟರ್. ದಿನಕ್ಕೆ ಎರಡು ಸಲ ಪಂಪ್ ಹಾಕಿ ತುಂಬಿಸುವುದಾದರೆ 50,000 ಲೀಟರಿನ ಟ್ಯಾಂಕ್ ಸಾಕು. ಡಿಬಿಆರ್‌ನ ಮೊದಲ ಪುಟದಲ್ಲಿ ಈ ಲೆಕ್ಕ ಇರಲೇಬೇಕು. 'ಸಾಮರ್ಥ್ಯ 50 ಸಾವಿರ ಲೀಟರ್' ಎಂದಷ್ಟೇ ಬರೆದು ಬಿಟ್ಟರೆ, ಎರಡು ಸಲ ತುಂಬಿಸಬೇಕೆಂಬ ಷರತ್ತು ನೀರುಗಂಟಿಗೆ ಗೊತ್ತಾಗುವುದೇ ಇಲ್ಲ.

ಆಕಾರ ದುಂಡು. ಒಳ ವ್ಯಾಸ 4.65 ಮೀಟರ್, ನೀರಿನ ಆಳ 3 ಮೀಟರ್, ಅದರ ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ. ಗೋಡೆಯ ದಪ್ಪ 20 ಸೆಂಟಿಮೀಟರ್. ಟ್ಯಾಂಕಿನ ತಳ ನೆಲದಿಂದ 12 ಮೀಟರ್ ಮೇಲೆ. ಹೊರುವುದು 45 ಸೆಂಟಿಮೀಟರ್ ವ್ಯಾಸದ ನಾಲ್ಕು ದುಂಡು ಕಂಬ, ನಡುವೆ ನಾಲ್ಕು ಮೀಟರಿಗೊಂದರಂತೆ ಅವನ್ನು ಕಟ್ಟಿಹಾಕುವ ಅಡ್ಡತೊಲೆಗಳು. ಈ ಕಂಬ ಮತ್ತು ಅಡ್ಡತೊಲೆಗಳ ಮಂಚಕ್ಕೆ ಇಂಜಿನಿಯರುಗಳು ಸ್ಟೇಜಿಂಗ್ ಎನ್ನುತ್ತಾರೆ. ಪಾಯದ ಆಳ ನೆಲದಿಂದ 2.5 ಮೀಟರ್.

ಭಾರ: ಕೆಳಕ್ಕೆ ಒತ್ತುವುದು

ನೀರಿನ ಲೆಕ್ಕ ಸುಲಭ. ಸಾವಿರ ಲೀಟರ್ ನೀರು ಒಂದು ಟನ್, ಹಾಗಾಗಿ ನಮ್ಮ ಟ್ಯಾಂಕಿನಲ್ಲಿ ಸುಮಾರು 51 ಟನ್. ಕಾಂಕ್ರೀಟು ಘನ ಮೀಟರಿಗೆ ಎರಡೂವರೆ ಟನ್. ಗೋಡೆ, ತಳ, ಮುಚ್ಚಳ, ತಳದ ಸುತ್ತಿನ ತೊಲೆ, ಸುತ್ತ ಓಡಾಡುವ ಕಟ್ಟೆ ಎಲ್ಲ ಸೇರಿ 55 ಟನ್ ಆಗುತ್ತದೆ. ಕಂಬ ಮತ್ತು ಅಡ್ಡತೊಲೆಗಳದು ಇನ್ನು 25 ಟನ್. ಅಂದರೆ 51 ಟನ್ ನೀರು ಹೊರಲು 80 ಟನ್ ಕಾಂಕ್ರೀಟು ಬೇಕಾಯಿತು. ಒಟ್ಟು 131 ಟನ್, ಕಂಬಕ್ಕೆ ಹತ್ತಿರ ಹತ್ತಿರ 33 ಟನ್. ಮುಚ್ಚಳದ ಮೇಲೆ ಹತ್ತುವ ಜನರ ಭಾರ ಒಂದೂವರೆ ಟನ್ ದಾಟುವುದಿಲ್ಲ, ಅದನ್ನೂ ಬರೆದಿರುತ್ತಾರೆ, ಆದರೆ ನೀರಿನ ಮುಂದೆ ಅದು ದೊಡ್ಡ ಮಾತಲ್ಲ.

ಇಲ್ಲಿ ಒಂದು ಸಣ್ಣ ಪ್ರಶ್ನೆ ಏಳುತ್ತದೆ. ನೀರು ಎಲ್ಲಿಯವರೆಗೆ ತುಂಬುತ್ತದೆ ಎಂದು ಹಿಡಿಯಬೇಕು? ಮೂರು ಮೀಟರಿಗೆ ಬಂದ ಮೇಲೆ ಓವರ್‌ಫ್ಲೋ ಪೈಪಿನಲ್ಲಿ ಹರಿದುಹೋಗಬೇಕು, ನಿಜ. ಆದರೆ ಆ ಪೈಪಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದ್ದನ್ನು, ಯಾರೋ ಹಳೇ ಬಟ್ಟೆ ತುರುಕಿದ್ದನ್ನು ನಾನೇ ನೋಡಿದ್ದೇನೆ. ಆಗ ನೀರು ಅಂಚಿನವರೆಗೆ ಏರುತ್ತದೆ, 51 ಟನ್ ಇದ್ದದ್ದು 56 ಆಗುತ್ತದೆ. ಹಾಗಾಗಿ ಒಳ್ಳೆಯ ಡಿಬಿಆರ್‌ನಲ್ಲಿ 'ಓವರ್‌ಫ್ಲೋ ಕಟ್ಟಿಕೊಂಡಿದೆ ಎಂದು ಭಾವಿಸಿ, ಗೋಡೆಯ ಲೆಕ್ಕಕ್ಕೆ ನೀರಿನ ಮಟ್ಟ ಗೋಡೆಯ ತುದಿಯವರೆಗೆ' ಎಂಬ ಒಂದು ಸಾಲು ಕಾಣುತ್ತದೆ. ಆ ಸಾಲು ಬರೆದವರು ಹಳ್ಳಿಯ ಟ್ಯಾಂಕನ್ನು ಹತ್ತಿ ನೋಡಿದವರು ಎಂದು ನಾನು ಅಂದುಕೊಳ್ಳುತ್ತೇನೆ.

ಗೋಡೆಯನ್ನು ಹೊರಕ್ಕೆ ತಳ್ಳುವ ನೀರು

ನೀರು ಕೆಳಕ್ಕೆ ಒತ್ತುವಷ್ಟೇ ಪಕ್ಕಕ್ಕೂ ಒತ್ತುತ್ತದೆ. ಆಳಕ್ಕೆ ಹೋದಷ್ಟೂ ಒತ್ತಡ ಜಾಸ್ತಿ. 3.3 ಮೀಟರ್ ಆಳದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ 3.3 ಟನ್. ದುಂಡು ಗೋಡೆ ಇದನ್ನು ತಡೆಯುವ ಬಗೆ ಎತ್ತಿನ ಗಾಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಪಟ್ಟಾದಂತೆ. ಒಳಗಿನದು ಹೊರಕ್ಕೆ ತಳ್ಳಿದಷ್ಟೂ ಪಟ್ಟಾ ಬಿಗಿಯಾಗುತ್ತದೆ, ಅಂದರೆ ಎಳೆತಕ್ಕೆ ಒಳಗಾಗುತ್ತದೆ. ಎಳೆತ ಎಷ್ಟು ಎಂದು ತಿಳಿಯಲು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದರಾಯಿತು. 3.3 ಟನ್ನನ್ನು 2.325 ಮೀಟರಿನಿಂದ ಗುಣಿಸಿದರೆ 7.7 ಟನ್. ಗೋಡೆಯ ಬುಡದ ಒಂದು ಮೀಟರ್ ಎತ್ತರದ ಪಟ್ಟಿ ಇಷ್ಟು ಎಳೆತ ತಡೆಯಬೇಕು.

ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ಬಹಳ ಕಡಿಮೆ. ಆದ್ದರಿಂದ ಕೆಲಸವೆಲ್ಲ ಒಳಗಿನ ದುಂಡು ಸರಳುಗಳದು. ಮನೆಯ ತೊಲೆಗೂ ಟ್ಯಾಂಕಿಗೂ ದಾರಿ ಬೇರೆಯಾಗುವುದು ಇಲ್ಲಿಯೇ. ಮನೆಯ ತೊಲೆಯ ಸರಳು ದಿನನಿತ್ಯದ ಭಾರಕ್ಕೆ ಚದರ ಮಿಲಿಮೀಟರಿಗೆ 280 ನ್ಯೂಟನ್‌ವರೆಗೂ ಎಳೆಸಿಕೊಳ್ಳಬಹುದು. ಅಷ್ಟು ಎಳೆದಾಗ ಸರಳು ತುಸು ಉದ್ದವಾಗುತ್ತದೆ, ಸುತ್ತಲಿನ ಕಾಂಕ್ರೀಟು ಕೂದಲೆಳೆಯಷ್ಟು ಬಿರಿಯುತ್ತದೆ. ಮನೆಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಟ್ಯಾಂಕಿನಲ್ಲಿ ಅದೇ ಬಿರುಕಿನಿಂದ ನೀರು ಒಸರುತ್ತದೆ, ಒಸರಿದ ನೀರು ಸರಳಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೇ ನೀರಿನ ತೊಟ್ಟಿಗಳ ಕೋಡಾದ ಐಎಸ್ 3370 ಬಿರುಕಿನ ಅಗಲಕ್ಕೆ 0.2 ಮಿಲಿಮೀಟರ್ ಎಂಬ ಮಿತಿ ಇಟ್ಟಿದೆ. ಅದರ 2009ರ ಆವೃತ್ತಿಯಲ್ಲಿ ಹಳೆಯ ಪದ್ಧತಿಯ ಲೆಕ್ಕ ಹಾಕುವವರಿಗೆ ಏಣು ಸರಳಿನ ಎಳೆತ ಚದರ ಮಿಲಿಮೀಟರಿಗೆ 130 ನ್ಯೂಟನ್ ದಾಟಕೂಡದು ಎಂದಿತ್ತು. ಮನೆಯ ಸರಳಿಗಿಂತ ಅರ್ಧಕ್ಕೂ ಕಡಿಮೆ.

ಈ ಮಿತಿಯಲ್ಲಿ ನಮ್ಮ ಗೋಡೆಗೆ ಮೀಟರಿಗೆ ಸುಮಾರು 580 ಚದರ ಮಿಲಿಮೀಟರ್ ಸರಳು ಬೇಕು. ಒಳಮುಖ ಹೊರಮುಖ ಎರಡರಲ್ಲೂ 8 ಮಿಲಿಮೀಟರ್ ಸರಳನ್ನು 17 ಸೆಂಟಿಮೀಟರಿಗೊಂದು ಸುತ್ತು ಕಟ್ಟಿದರೆ ಅಷ್ಟಾಗುತ್ತದೆ. ಮನೆಯ ಲೆಕ್ಕ ಹಿಡಿದರೆ ಇದರ ಅರ್ಧ ಸಾಕೆನಿಸುತ್ತದೆ. 'ಇಷ್ಟು ಸಣ್ಣ ಟ್ಯಾಂಕಿಗೆ ಇಷ್ಟೊಂದು ಕಬ್ಬಿಣ ಯಾಕೆ ಸಾರ್, ಒಂದು ಬಿಟ್ಟು ಒಂದು ಕಟ್ಟಿದರೆ ಆಗಲ್ವಾ' ಎಂದು ಬಾರ್‌ಬೆಂಡರ್ ಕೇಳಿದರೆ ಉತ್ತರ ಇದೇ. ಒಂದು ಬಿಟ್ಟು ಒಂದು ಕಟ್ಟಿದರೂ ಟ್ಯಾಂಕ್ ಬೀಳುವುದಿಲ್ಲ, ಆದರೆ ಸೋರುತ್ತದೆ.

ಇನ್ನೊಂದು ಮಾತು. ಗೋಡೆ ತಳಕ್ಕೆ ಬೆಸೆದುಕೊಂಡಿರುವುದರಿಂದ ತೀರಾ ಬುಡದಲ್ಲಿ ಅದು ಹೊರಕ್ಕೆ ಹಿಗ್ಗಲಾರದು, ಅಲ್ಲಿ ಬಾಗುತ್ತದೆ. ಅದಕ್ಕೆ ನಿಲುವು ಸರಳುಗಳ ಲೆಕ್ಕ ಬೇರೆಯೇ ಇದೆ. ಗೋಡೆ ತಳಕ್ಕೆ ಬಿಗಿಯಾಗಿದೆಯೋ ಇಲ್ಲವೋ ಎಂಬುದನ್ನೂ ಡಿಬಿಆರ್ ಹೇಳಬೇಕು.

ಕೋಡಿನ ಹೆಸರಿನ ಮುಂದೆ ಇಸವಿ

ಈಗ ತಾನೇ '2009ರ ಆವೃತ್ತಿ' ಎಂದೆ. ಐಎಸ್ 3370ರ ಮೊದಲ ಎರಡು ಭಾಗಗಳು 2021ರಲ್ಲಿ ಮತ್ತೆ ಪರಿಷ್ಕೃತವಾಗಿವೆ. ಹಾಗಾಗಿ ಡಿಬಿಆರ್‌ನಲ್ಲಿ ಬರಿ 'ಐಎಸ್ 3370 ಪ್ರಕಾರ' ಎಂದರೆ ಅರ್ಧ ಮಾತು ಹೇಳಿದಂತೆ. ಪ್ರತಿ ಕೋಡಿನ ಮುಂದೆ ಭಾಗ ಮತ್ತು ಇಸವಿ ಇರಬೇಕು. ನಮ್ಮ ಟ್ಯಾಂಕಿಗೆ ಬೇಕಾಗುವ ಕೋಡುಗಳು ಹೆಚ್ಚೇನಿಲ್ಲ. ತೊಟ್ಟಿಗೆ ಐಎಸ್ 3370, ಸ್ಟೇಜಿಂಗಿಗೆ 1985ರ ಐಎಸ್ 11682, ಸಾಮಾನ್ಯ ಕಾಂಕ್ರೀಟಿಗೆ 2000ದ ಐಎಸ್ 456, ಗಾಳಿಗೆ 2015ರ ಐಎಸ್ 875 ಮೂರನೇ ಭಾಗ, ಭೂಕಂಪಕ್ಕೆ ಐಎಸ್ 1893ರ ಮೊದಲ ಭಾಗದ ಜೊತೆಗೆ ದ್ರವದ ತೊಟ್ಟಿಗಳಿಗೆಂದೇ ಇರುವ 2014ರ ಎರಡನೇ ಭಾಗ.

ಪಟ್ಟಿ ಉದ್ದವಿದ್ದಷ್ಟೂ ವರದಿ ಒಳ್ಳೆಯದು ಎಂದೇನಲ್ಲ. ಒಮ್ಮೆ ನನ್ನ ಕೈಗೆ ಬಂದ ವರದಿಯಲ್ಲಿ ಇಪ್ಪತ್ತಾರು ಕೋಡುಗಳಿದ್ದವು, ಅದರಲ್ಲಿ ಒಂದು ಉಕ್ಕಿನ ಚಿಮಣಿಗಳದ್ದು. ಏಳನೇ ಪುಟದಲ್ಲಿ ಬೇರೆ ಜಿಲ್ಲೆಯ ಊರಿನ ಹೆಸರು ಅಳಿಸದೆ ಉಳಿದಿತ್ತು. ಇನ್ನೆಲ್ಲಿಂದಲೋ ಎತ್ತಿ ತಂದ ವರದಿ ಅದು ಎಂದು ಬೇರೆ ಹೇಳಬೇಕಿರಲಿಲ್ಲ. ಊರಿನ ಹೆಸರು ತಪ್ಪಿದ್ದರೆ ಏನಾಯಿತು, ಟ್ಯಾಂಕ್ ಟ್ಯಾಂಕೇ ತಾನೇ ಎನ್ನಬಹುದು. ಏನಾಗುತ್ತದೆ ಎಂಬುದು ಪಕ್ಕದಿಂದ ತಳ್ಳುವ ಭಾರದ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಪಕ್ಕದಿಂದ ತಳ್ಳುವುದು: ಗಾಳಿಯೋ, ಭೂಕಂಪವೋ?

ಎತ್ತರದ ಟ್ಯಾಂಕು ಎಂದೊಡನೆ ಎಲ್ಲರಿಗೂ ಹೆದರಿಕೆ ಗಾಳಿಯದು. ಗಾಳಿಯ ಕೋಡಿನ ಭೂಪಟದಲ್ಲಿ ನಮ್ಮ ಭಾಗಕ್ಕೆ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 120 ಕಿಲೋಮೀಟರ್. ದಿನವಿಡೀ ಬೀಸುವ ಗಾಳಿ ಅಲ್ಲ ಇದು. ಬಯಲಿನಲ್ಲಿ ಹತ್ತು ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ನುಗ್ಗಿ ಹೋಗುವ, ಸರಾಸರಿ ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಬಿರುಸು. ಎತ್ತರಕ್ಕೆ ಮತ್ತು ಕಟ್ಟಡದ ಮಹತ್ವಕ್ಕೆ ತಕ್ಕಂತೆ ಸ್ವಲ್ಪ ಏರಿಸಿದರೆ ಟ್ಯಾಂಕಿನ ಮಟ್ಟದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 80 ಕಿಲೋ ಒತ್ತಡ ಬೀಳುತ್ತದೆ. ದುಂಡಗಿರುವುದರಿಂದ ಗಾಳಿ ಪಕ್ಕಕ್ಕೆ ಜಾರಿಕೊಳ್ಳುತ್ತದೆ, ಅದಕ್ಕೆ ಮೂವತ್ತು ಪ್ರತಿಶತ ರಿಯಾಯಿತಿ. ತೊಟ್ಟಿ, ಕಂಬ, ಅಡ್ಡತೊಲೆ ಎಲ್ಲದರ ಮೇಲಿನದು ಕೂಡಿಸಿದರೆ ಒಟ್ಟು ತಳ್ಳು 2.7 ಟನ್.

ಭೂಕಂಪದ ಲೆಕ್ಕ ಬೇರೆ ತರಹದ್ದು. ಗಾಳಿ ಹೊರಗಿನಿಂದ ತಳ್ಳಿದರೆ, ಭೂಕಂಪದಲ್ಲಿ ನೆಲ ಸರಿಯುತ್ತದೆ, ಮೇಲಿನ ಭಾರ ಇದ್ದಲ್ಲೇ ಇರಲು ನೋಡುತ್ತದೆ. ನಿಂತಿದ್ದ ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ತಲೆಯ ಮೇಲೆ ಭಾರ ಹೆಚ್ಚಿದ್ದಷ್ಟೂ ವಾಲುವುದು ಹೆಚ್ಚು. ಓವರ್‌ಹೆಡ್ ಟ್ಯಾಂಕಿಗೆ ಭಾರವೆಲ್ಲ ಇರುವುದು ತಲೆಯ ಮೇಲೇ.

ಐಎಸ್ 1893ರ ಮೊದಲ ಭಾಗದ 2016ರ ಆವೃತ್ತಿಯಲ್ಲಿ ಚಿತ್ರದುರ್ಗ ಭೂಕಂಪದ ಎರಡನೇ ವಲಯದಲ್ಲಿದೆ. ಅಲ್ಲಿ ಪಟ್ಟಿಯಾಗಿರುವ ವಲಯಗಳಲ್ಲಿ ಅತಿ ಕಡಿಮೆ ಅಪಾಯದ್ದು ಇದೇ, ವಲಯದ ಗುಣಾಂಕ 0.10. ಕುಡಿಯುವ ನೀರಿನ ಟ್ಯಾಂಕು ಭೂಕಂಪದ ಮರುದಿನವೂ ಕೆಲಸ ಮಾಡಬೇಕಾದ್ದರಿಂದ ಅದನ್ನು ಒಂದೂವರೆ ಪಟ್ಟು ಮಾಡಬೇಕು. ಕಂಬಗಳ ಸೆಡೆತದ ಲೆಕ್ಕ ಹಾಕಿದರೆ ನಮ್ಮ ತುಂಬಿದ ಟ್ಯಾಂಕು ಒಮ್ಮೆ ಆಚೀಚೆ ತೂಗಲು ಸುಮಾರು 0.8 ಸೆಕೆಂಡು ತೆಗೆದುಕೊಳ್ಳುತ್ತದೆ. ಮಧ್ಯಮ ಗಟ್ಟಿಯ ನೆಲ, ಸಾಮಾನ್ಯ ಚೌಕಟ್ಟು ಎಂದು ಹಿಡಿದರೆ ಕೊನೆಗೆ ಬರುವ ಸಂಖ್ಯೆ ಇದು: ತೂಗುವ ತೂಕದ ನೂರಕ್ಕೆ 5.1 ಪಾಲಿನಷ್ಟು ಪಕ್ಕದ ತಳ್ಳು. ತೂಗುವ ತೂಕ ಎಂದರೆ ತೊಟ್ಟಿ, ನೀರು ಮತ್ತು ಸ್ಟೇಜಿಂಗಿನ ಮೂರನೇ ಒಂದು ಭಾಗ, ಒಟ್ಟು 114 ಟನ್. ಅದರ ನೂರಕ್ಕೆ 5.1 ಪಾಲು ಎಂದರೆ 5.8 ಟನ್.

ಗಾಳಿಯದು 2.7, ಭೂಕಂಪದ್ದು 5.8. ಎರಡನೇ ವಲಯದಲ್ಲೇ ಭೂಕಂಪ ಎರಡು ಪಟ್ಟು. ಆದ್ದರಿಂದ 'ಇದು ಕಡಿಮೆ ಅಪಾಯದ ವಲಯವಾದ್ದರಿಂದ ಗಾಳಿಯನ್ನು ಮಾತ್ರ ಪರಿಗಣಿಸಲಾಗಿದೆ' ಎಂಬ ಸಾಲು ಡಿಬಿಆರ್‌ನಲ್ಲಿ ಕಂಡರೆ ಅಲ್ಲೇ ನಿಲ್ಲಿ. ಇದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ.

ಮೇಲಿನ ಲೆಕ್ಕದಲ್ಲಿ ನೀರೆಲ್ಲ ಗೋಡೆಯ ಜೊತೆ ಒಂದಾಗಿ ಅಲುಗುತ್ತದೆ ಎಂದು ಹಿಡಿದಿದ್ದೇನೆ. ನಿಜದಲ್ಲಿ ಹಾಗಲ್ಲ. ಬಿಂದಿಗೆ ಹೊತ್ತು ನಡೆಯುವವರನ್ನು ನೋಡಿ, ಅಡಿಯ ನೀರು ಬಿಂದಿಗೆಯೊಂದಿಗೆ ಹೋಗುತ್ತದೆ, ಮೇಲಿನದು ತನ್ನದೇ ತಾಳದಲ್ಲಿ ತುಳುಕುತ್ತದೆ. ಐಎಸ್ 1893ರ ಎರಡನೇ ಭಾಗ ಈ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಲು ಹೇಳುತ್ತದೆ. ಬಿಡಿಸಿ ಹಾಕಿದರೆ ತಳ್ಳು ಸ್ವಲ್ಪ ಇಳಿಯುತ್ತದೆ. ಸಣ್ಣ ಟ್ಯಾಂಕಿಗೆ ಒಟ್ಟಾಗಿ ಹಿಡಿಯುವುದು ಸುರಕ್ಷಿತದ ಕಡೆಗಿನ ಸರಳೀಕರಣ, ಆದರೆ ಹಾಗೆ ಹಿಡಿದಿದ್ದೇವೆ ಎಂದು ಬರೆದಿರಬೇಕು. ಮೇಲೆ ಬಿಟ್ಟ 30 ಸೆಂಟಿಮೀಟರ್ ಖಾಲಿ ಜಾಗ ತುಳುಕುವ ಅಲೆಗೆ ಸಾಕೇ ಎಂಬುದನ್ನೂ ಆಗಲೇ ನೋಡಬೇಕು.

ಅದೇ ನಕ್ಷೆ ಧಾರವಾಡಕ್ಕೆ ಹೋದರೆ

ಈಗ ಕಂಬಕ್ಕೆ ಬರೋಣ. 5.8 ಟನ್ ತಳ್ಳು ನೆಲದಿಂದ ಸುಮಾರು 14 ಮೀಟರ್ ಮೇಲೆ, ಪಾಯದಿಂದ ಹದಿನಾರೂವರೆ ಮೀಟರ್ ಮೇಲೆ ಬೀಳುತ್ತದೆ. ಅದು ಟ್ಯಾಂಕನ್ನು ಉರುಳಿಸಲು ನೋಡುತ್ತದೆ. ಮೂಲೆಯಿಂದ ಮೂಲೆಗೆ ತಳ್ಳಿದಾಗ ಎದುರುಬದುರಿನ ಎರಡು ಕಂಬಗಳೇ ಅದನ್ನು ತಡೆಯಬೇಕು, ಅವುಗಳ ನಡುವಿನ ದೂರ 4.65 ಮೀಟರ್. ಗುಣಿಸಿ ಭಾಗಿಸಿದರೆ ಒಂದು ಕಂಬದ ಮೇಲೆ 21 ಟನ್ ಹೆಚ್ಚಾಗುತ್ತದೆ, ಎದುರಿನದರ ಮೇಲಿಂದ 21 ಟನ್ ಇಳಿಯುತ್ತದೆ. ತುಂಬಿದಾಗ ಕಂಬಕ್ಕೆ 33 ಟನ್ ಇತ್ತಲ್ಲ, ಒಂದರಲ್ಲಿ ಅದು 54 ಆಯಿತು, ಇನ್ನೊಂದರಲ್ಲಿ 12ಕ್ಕೆ ಇಳಿಯಿತು. ಎರಡೂ ನೆಲವನ್ನು ಒತ್ತುತ್ತಲೇ ಇವೆ.

ಖಾಲಿ ಟ್ಯಾಂಕಿನ ಲೆಕ್ಕವನ್ನೂ ಹಾಕಲೇಬೇಕು. ಖಾಲಿಯಾದಾಗ ತಳ್ಳು ಕಡಿಮೆಯಾಗುತ್ತದೆ ನಿಜ, ಆದರೆ ಕಂಬವನ್ನು ನೆಲಕ್ಕೆ ಒತ್ತಿಹಿಡಿಯುವ ತೂಕವೂ ಕಡಿಮೆಯಾಗುತ್ತದೆ. ನಮ್ಮ ಟ್ಯಾಂಕಿನಲ್ಲಿ ಖಾಲಿ ಇದ್ದಾಗ ಕಂಬಕ್ಕೆ 20 ಟನ್, ಭೂಕಂಪ ಎತ್ತುವುದು 15 ಟನ್. ಐದು ಟನ್ ಉಳಿಯಿತು. ಹಿರಿಯೂರಿನಲ್ಲಿ ಪಾಸು.

ಈಗ ಯಾರೋ ಇದೇ ನಕ್ಷೆಯನ್ನು ಊರಿನ ಹೆಸರು ಬದಲಿಸಿ ಧಾರವಾಡದ ಕಡೆಗೆ ಕಳಿಸಿದರು ಎನ್ನಿ. ಅದೇ 2016ರ ಆವೃತ್ತಿಯಲ್ಲಿ ಧಾರವಾಡ ಮೂರನೇ ವಲಯ, ಗುಣಾಂಕ 0.16. ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ತಳ್ಳು ಮಾತ್ರ 1.6 ಪಟ್ಟು. ಖಾಲಿ ಟ್ಯಾಂಕಿನಲ್ಲಿ 15 ಟನ್ ಇದ್ದದ್ದು 24 ಆಗುತ್ತದೆ. 20ರಲ್ಲಿ 24 ಕಳೆದರೆ ಕಂಬ ನೆಲವನ್ನು ಒತ್ತುವ ಬದಲು ನಾಲ್ಕು ಟನ್ ಬಲದಿಂದ ಮೇಲಕ್ಕೆ ಎಳೆಯತೊಡಗುತ್ತದೆ. ತುಂಬಿದ ಟ್ಯಾಂಕಿನಲ್ಲಿ 33ಕ್ಕೆ 33 ಸರಿಸಮ, ಎದುರಿನ ಕಂಬಕ್ಕೆ 54ರ ಬದಲು 66 ಟನ್. ಕಂಬದ ಸರಳು, ಪಾಯದ ಅಗಲ, ಪಾಯಕ್ಕೂ ಕಂಬಕ್ಕೂ ಇರುವ ಬೆಸುಗೆ, ಇಷ್ಟನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಇವು ದಪ್ಪ ಲೆಕ್ಕಗಳು, ಕಂಪ್ಯೂಟರಿನಲ್ಲಿ ಹಾಕಿದರೆ ಒಂದೆರಡು ಟನ್ ಆಚೀಚೆ ಆಗುತ್ತದೆ. ಆದರೆ ದಿಕ್ಕು ಇದೇ.

ನಕ್ಷೆಯನ್ನು ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ. ಡಿಬಿಆರ್‌ನಲ್ಲಿ 'ವಲಯ' ಎಂಬ ಪದದ ಮುಂದೆ ಇರುವ ಸಂಖ್ಯೆಯನ್ನು ನೋಡಿದವರಿಗೆ ಒಂದು ನಿಮಿಷದ ಕೆಲಸ.

ಸಾಮಗ್ರಿ: ಒಂದೆರಡು ಸಾಲಿನ ಹಿಂದಿನ ಕಾರಣ

ಈ ಪುಟದಲ್ಲಿ ಸಾಧಾರಣವಾಗಿ ಎಂ30 ಕಾಂಕ್ರೀಟು, ಎಫ್ಇ 500ಡಿ ಸರಳು, ನೀರಿಗೂ ಸಿಮೆಂಟಿಗೂ ಅನುಪಾತ 0.45 ಮೀರದಂತೆ ಎಂದಿರುತ್ತದೆ. ಎಂ30 ಎಂದರೆ 28 ದಿನ ಕ್ಯೂರಿಂಗ್ ಮಾಡಿದ 15 ಸೆಂಟಿಮೀಟರ್ ಘನ ಚದರ ಮಿಲಿಮೀಟರಿಗೆ 30 ನ್ಯೂಟನ್ ಒತ್ತಡ ತಡೆಯಬೇಕು ಎಂದು. ನಮ್ಮ ಟ್ಯಾಂಕಿಗೆ ಅಷ್ಟು ಶಕ್ತಿ ಬೇಕೆಂದು ಅದನ್ನು ಬರೆದಿರುವುದಲ್ಲ. ಅಷ್ಟು ಗಟ್ಟಿಯಾದ ಕಾಂಕ್ರೀಟಿನಲ್ಲಿ ಸೂಕ್ಷ್ಮ ರಂಧ್ರ ಕಡಿಮೆ, ನೀರು ಒಳಗಿಳಿಯುವುದೂ ಕಡಿಮೆ ಎಂದು.

ನನಗೆ ಮುಖ್ಯವೆನಿಸುವುದು ಕವರ್, ಅಂದರೆ ಸರಳಿನ ಮೇಲಿನ ಕಾಂಕ್ರೀಟಿನ ಪದರ. ಇಂಥ ಟ್ಯಾಂಕುಗಳಿಗೆ ಅದನ್ನು 45 ಮಿಲಿಮೀಟರ್ ಎಂದು ಬರೆಯುತ್ತಾರೆ. ಹಳೆಯ ಟ್ಯಾಂಕೊಂದರ ಮೇಲಿನ ಕಿಂಡಿ ತೆಗೆದು ಟಾರ್ಚ್ ಹಾಕಿ ಒಳಗಿನ ಮಾಡನ್ನು, ಅಂದರೆ ಕಾಂಕ್ರೀಟು ಮುಚ್ಚಳದ ಕೆಳಮುಖವನ್ನು ನೋಡಿ. ನೀರು ಮುಟ್ಟದ ಆ ಕೆಳಮುಖದಲ್ಲೇ ಕಾಂಕ್ರೀಟು ಹಾಳೆಹಾಳೆಯಾಗಿ ಉದುರಿ, ಸರಳುಗಳು ಪಕ್ಕೆಲುಬಿನಂತೆ ಎದ್ದು ಕಾಣುತ್ತಿರುತ್ತವೆ. ನೀರಿಗೆ ಹಾಕಿದ ಕ್ಲೋರಿನ್ ಹಬೆಯಾಗಿ ಮೇಲೇರಿ ಅಲ್ಲೇ ಹನಿಗಟ್ಟುತ್ತದೆ, ಹಗಲು ಒಣಗುತ್ತದೆ, ರಾತ್ರಿ ಮತ್ತೆ ಒದ್ದೆಯಾಗುತ್ತದೆ. ಸರಳಿಗೆ ಇದಕ್ಕಿಂತ ಕೆಟ್ಟ ವಾಸ ಇಲ್ಲ. ಮಾಡು ನೀರು ಹೊರುವುದಿಲ್ಲವಲ್ಲ ಎಂದು ಅಲ್ಲಿಗೆ ಮನೆಯ ತಾರಸಿಯಂತೆ 20 ಮಿಲಿಮೀಟರ್ ಕವರ್ ಬರೆದ ಡಿಬಿಆರ್‌ಗಳ ಫಲ ಅದು. ಒಳಮುಖಕ್ಕೆಲ್ಲ, ಮಾಡೂ ಸೇರಿ, ಒಂದೇ ಕವರ್ ಎಂದು ಬರೆದಿದೆಯೇ ನೋಡಬೇಕು. ಸೈಟಿನಲ್ಲಿ ಕಾಂಕ್ರೀಟು ಹಾಕುವ ಹಿಂದಿನ ದಿನ ಕವರ್ ಬ್ಲಾಕಿನ ಎತ್ತರಕ್ಕೆ ಅಳತೆಪಟ್ಟಿ ಹಿಡಿದರೆ ಸಾಕು. ಜಲ್ಲಿ ಚೂರು ಕೊಟ್ಟು ಸರಳು ಎತ್ತಿದ್ದರೆ ಅದು ಕವರ್ ಅಲ್ಲ.

ಕಟ್ಟಿ ಮುಗಿದ ಮೇಲಿನ ಪರೀಕ್ಷೆಯೂ ಇದೇ ವರದಿಯಲ್ಲಿರುತ್ತದೆ. ಟ್ಯಾಂಕು ತುಂಬಿಸಿ ಏಳು ದಿನ ಕಾಂಕ್ರೀಟು ನೀರು ಕುಡಿಯಲು ಬಿಡಬೇಕು, ಆಮೇಲೆ ಏಳು ದಿನ ನೋಡಬೇಕು. ಹೊರಮುಖ ಒಣಗಿಯೇ ಇರಬೇಕು. ಪರೀಕ್ಷೆಗೆ ಮುಂಚೆಯೇ ಹೊರಗೆ ಬಣ್ಣ ಬಳಿದಿದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ಊಹೆಗಳ ಪುಟ

ಎಲ್ಲ ಇಂಜಿನಿಯರುಗಳೂ ಊಹಿಸುತ್ತಾರೆ. ಅದರಲ್ಲಿ ನಾಚಿಕೆಯೇನಿಲ್ಲ, ಬರೆಯದೆ ಊಹಿಸಿದರೆ ಮಾತ್ರ ತೊಂದರೆ. 'ಟ್ಯಾಂಕಿನ ಮೇಲೆ ಆಂಟೆನಾ, ಸೌರ ಫಲಕ ಇತ್ಯಾದಿ ಕೂರಿಸುವುದಿಲ್ಲ' ಎಂಬುದು ಒಂದು ಊಹೆ. ಐದು ವರ್ಷದ ಮೇಲೆ ಯಾರಾದರೂ ಕೂರಿಸಲು ಬಂದರೆ ಪಂಚಾಯಿತಿಗೆ ಹೇಳಲು ಒಂದು ಆಧಾರವಿರುತ್ತದೆ.

ಅತಿ ದೊಡ್ಡ ಊಹೆ ನೆಲದ್ದು. ನೆಲ ಒಂದು ಚದರ ಮೀಟರಿಗೆ ಎಷ್ಟು ಭಾರ ತಡೆಯುತ್ತದೆ ಎಂಬ ಸಂಖ್ಯೆಯನ್ನು ಎಸ್‌ಬಿಸಿ ಎನ್ನುತ್ತಾರೆ. ನಮ್ಮ ವರದಿಯಲ್ಲಿ ಅದು 15 ಟನ್, ಎರಡು ಮೀಟರ್ ಎರೆಮಣ್ಣಿನ ಕೆಳಗೆ ಗಟ್ಟಿ ಗರಸು ಸಿಗುತ್ತದೆ ಎಂಬ ನಂಬಿಕೆಯ ಮೇಲೆ. ಎರಡು ಮೀಟರ್ ಚೌಕದ ಪಾಯ, ಅಂದರೆ ನಾಲ್ಕು ಚದರ ಮೀಟರ್. ಕಂಬದ 33 ಟನ್‌ಗೆ ಪಾಯದ ತೂಕ ನಾಲ್ಕು ಟನ್ ಸೇರಿಸಿ ಹಂಚಿದರೆ ಚದರ ಮೀಟರಿಗೆ ಒಂಬತ್ತು ಟನ್ ಚಿಲ್ಲರೆ. ಭೂಕಂಪದ 21 ಟನ್ ಸೇರಿಸಿದರೂ ಹದಿನಾಲ್ಕೂವರೆ. ಪರವಾಗಿಲ್ಲ. ಆದರೆ ಪಾಯ ಎರೆಮಣ್ಣಿನಲ್ಲೇ ಕೂತು, ಅದು ಎಂಟು ಟನ್ ಮಾತ್ರ ತಡೆಯುವಂಥದ್ದಾದರೆ, ಭೂಕಂಪ ಬೇಕಿಲ್ಲ, ಮೊದಲ ಸಲ ತುಂಬಿಸಿದಾಗಲೇ ಟ್ಯಾಂಕು ಕುಸಿಯತೊಡಗಬಹುದು. ನಾಲ್ಕು ಕಂಬ ಒಂದೇ ಸಮನೆ ಕುಸಿಯುವುದೂ ಇಲ್ಲ. ಜೊತೆಗೆ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ.

ಆದ್ದರಿಂದ ಎಸ್‌ಬಿಸಿಯ ಮುಂದೆ ಅದು ಎಲ್ಲಿಂದ ಬಂತು ಎಂದು ಬರೆದಿರಬೇಕು. 'ಊಹಿಸಿದೆ' ಎಂದಿದ್ದರೆ ಗುಂಡಿ ತೋಡಿ ನೋಡುವವರೆಗೆ ಅದು ಸಾಲವಾಗಿ ತಂದ ಸಂಖ್ಯೆ.

ನಾನು ನೋಡಿದ ಒಂದು ಸೈಟಿನಲ್ಲಿ ಹೀಗೇ ಆಗಿತ್ತು. ವರದಿಯಲ್ಲಿ ಗರಸು ಎರಡು ಮೀಟರಿಗೆ ಎಂದಿತ್ತು. ಜೆಸಿಬಿ ಎರಡು ಮೀಟರ್ ಇಳಿದರೂ ಬಕೆಟಿನಲ್ಲಿ ಬರುತ್ತಿದ್ದದ್ದು ಕಪ್ಪು ಮಣ್ಣೇ, ಹಿಂಡಿದರೆ ಬೆರಳಿಗೆ ಬೆಣ್ಣೆಯಂತೆ ಅಂಟುತ್ತಿತ್ತು. ಪಕ್ಕದ ಹೊಲದ ಹಿರಿಯರೊಬ್ಬರು ದಡದಲ್ಲಿ ಕೂತು, 'ಇಲ್ಲಿ ಬಾವಿ ತೋಡುವಾಗ ಒಂಬತ್ತು ಅಡಿಗೆ ಗರಸು ಸಿಕ್ಕಿದ್ದು ಕಣಪ್ಪ' ಎಂದರು. ಸರಿಯಾಗಿ 2.7 ಮೀಟರಿಗೆ ಬಕೆಟ್ ಕರಕರ ಎಂದಿತು, ಕೆಂಪು ಬೆರೆತ ಹಳದಿ ಗರಸು ಮೇಲೆ ಬಂತು. ಪಾಯವನ್ನು ಗರಸಿನೊಳಗೆ ಅರ್ಧ ಮೀಟರ್ ಇಳಿಸಿ 3.2 ಮೀಟರಿಗೆ ಕೂರಿಸಲು ತೀರ್ಮಾನವಾಯಿತು. ಕಂಬ 70 ಸೆಂಟಿಮೀಟರ್ ಉದ್ದವಾಯಿತು, ಭೂಕಂಪದಲ್ಲಿ ಕಂಬಕ್ಕೆ ಬರುವ ಭಾರ ಒಂದು ಟನ್ ಹೆಚ್ಚಾಯಿತು, ನೆಲಮಟ್ಟದಲ್ಲಿ ನಾಲ್ಕೂ ಕಂಬಗಳನ್ನು ಕಟ್ಟುವ ಹೊಸ ತೊಲೆ ಸೇರಿತು. ಆ ತೊಲೆಯ ಅಡಿಗೆ, ಎರೆಮಣ್ಣು ಉಬ್ಬಿದರೆ ತಾಗದಂತೆ, ಸ್ವಲ್ಪ ಖಾಲಿ ಜಾಗ ಬಿಟ್ಟರು. ಕಂಬಗಳ ಸುತ್ತ ತೆಗೆದ ಕಪ್ಪು ಮಣ್ಣನ್ನು ಮತ್ತೆ ತುಂಬದೆ ಗರಸು ತಂದು ತುಂಬಿಸಿದರು.

ವರದಿಯ ಮೊದಲ ಪುಟದ ಮೂಲೆಯಲ್ಲಿ ಪರಿಷ್ಕರಣೆಯ ಸಣ್ಣ ಕೋಷ್ಟಕವಿರುತ್ತದೆ. ಅಲ್ಲಿ ಆರ್0 ಕೆಳಗೆ ಆರ್1 ಎಂಬ ಹೊಸ ಸಾಲು ಬಂತು: 'ಗುಂಡಿ ಪರೀಕ್ಷೆಯ ಪ್ರಕಾರ ಪಾಯದ ಆಳ 2.5ರ ಬದಲು 3.2 ಮೀಟರ್.' ತಾರೀಕು, ಸಹಿ. ನಕ್ಷೆ ಬದಲಾದದ್ದು ಅದಾದ ಮೂರು ದಿನಕ್ಕೆ.